ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಫೋನ್: ಕಾಸರಗೋಡಿನ ತೋಟಕ್ಕೆ ಬೇಕೇ, ಕಡಲಿಗೆ ಬೇಕೇ?

ತೋಟದಮೂಲೆ ಸವಿತಾ
ಭಾನುವಾರ, ರಾತ್ರಿ 8.40

ನಮ್ಮ ಮನೆ ದೇಲಂಪಾಡಿ ಪಂಚಾಯತಿನಲ್ಲಿದೆ. ಮನೆಗೆ ಫೈಬರ್ ನೆಟ್ ಬಂದಿದೆಯಾದರೂ ಮನೆಯಿಂದ ಕೆಳಗೆ ಸುಮಾರು ಒಂದು ಕಿಲೋಮೀಟರ್ ದೂರದ ಅಡಿಕೆ ತೋಟದಲ್ಲಿ ಯಾವ ಕಂಪೆನಿಯ ಸಿಗ್ನಲ್ಲೂ ಸಿಗುವುದಿಲ್ಲ. ಅಪ್ಪನಿಗೆ 71 ವರ್ಷ. ದಿನಕ್ಕೆರಡು ಸಲ ತೋಟಕ್ಕೆ ಇಳಿಯದೆ ಇರುವವರಲ್ಲ. ಕಳೆದ ತಿಂಗಳು ತೋಡಿನ ಸಂಕದಲ್ಲಿ ಕಾಲು ಜಾರಿ ಬಿದ್ದವರು, ಸೋಗೆ ಹೆಕ್ಕಲು ಆಳು ಬರುವವರೆಗೆ ಎರಡು ಗಂಟೆ ಅಲ್ಲೇ ಕೂತಿದ್ದರು. ಜೇಬಿನಲ್ಲಿ ಫೋನ್ ಇತ್ತು, ಅದರಿಂದ ಪ್ರಯೋಜನವೇನೂ ಆಗಲಿಲ್ಲ.

ದುಬೈಯಲ್ಲಿರುವ ನನ್ನ ಅತ್ತೆಯ ಮಗ ದೀಪಾವಳಿಗೆ ಬರುವಾಗ ಉಪಗ್ರಹದ ಮೂಲಕ ತುರ್ತು ಸಂದೇಶ ಹೋಗುವಂಥ ಫೋನನ್ನಾಗಲಿ, ಇಲ್ಲವಾದರೆ ಅಲ್ಲಿ ಸಿಗುವ ಸ್ಯಾಟಲೈಟ್ ಫೋನನ್ನೇ ಆಗಲಿ ತರುತ್ತೇನೆ ಎನ್ನುತ್ತಿದ್ದಾನೆ. ಇದು ನಮ್ಮ ತೋಟದಲ್ಲಿ ಕೆಲಸ ಮಾಡೀತೇ? ಗೊತ್ತಿದ್ದವರು ದಯವಿಟ್ಟು ತಿಳಿಸಬೇಕು.

ಕುಂಬಳೆ ಮೊಬೈಲ್ ರಿಪೇರಿ
ಭಾನುವಾರ, ರಾತ್ರಿ 9.15

ಅಕ್ಕ, ಇದಕ್ಕೆ ದುಬೈಯಿಂದ ಏನನ್ನೂ ತರಿಸಬೇಕಾಗಿಲ್ಲ. ಈಗಿನ ಎಲ್ಲ ಫೋನ್‌ಗಳೂ ಉಪಗ್ರಹಕ್ಕೆ ಸಂಪರ್ಕ ಹೊಂದಿಯೇ ಇರುತ್ತವೆ. ನೆಟ್‌ವರ್ಕ್ ಇಲ್ಲದ ಕಡೆಯಲ್ಲೂ ಮ್ಯಾಪಿನಲ್ಲಿ ನೀಲಿ ಚುಕ್ಕೆ ಸರಿಯಾದ ಜಾಗವನ್ನೇ ತೋರಿಸುತ್ತದಲ್ಲವೇ? ಅಂದರೆ ಯಂತ್ರ ಒಳಗೆ ಇದ್ದೇ ಇದೆ, ಸಂದೇಶ ಕಳಿಸುವ ಸೌಲಭ್ಯವನ್ನು ಮಾತ್ರ ಕಂಪೆನಿಯವರು ಸಾಫ್ಟ್‌ವೇರಿನಲ್ಲಿ ಮುಚ್ಚಿಟ್ಟಿದ್ದಾರೆ. ಒಂದು ಅಪ್‌ಡೇಟ್ ಬಂದರೆ ಎಲ್ಲರಿಗೂ ಸಿಗುತ್ತದೆ ಎಂದು ನನ್ನ ಅಂದಾಜು.

ಬದಿಯಡ್ಕದ ನಿವೃತ್ತ
ಭಾನುವಾರ, ರಾತ್ರಿ 10.05

ಸವಿತಾ ಅವರೇ, ಮೊದಲು ಎರಡನೆಯ ಮಾತಿಗೆ ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಪೊಲೀಸ್ ಕೇಸಿನ ಭಯವಿದೆ. ದುಬೈಯಿಂದ ಥುರಾಯಾ ಅಥವಾ ಇರಿಡಿಯಂ ಸ್ಯಾಟಲೈಟ್ ಫೋನ್ ತರುವುದು ಖಂಡಿತ ಬೇಡ. ಕೇಂದ್ರ ದೂರಸಂಪರ್ಕ ಇಲಾಖೆಯ ಪೂರ್ವಾನುಮತಿಯಿಲ್ಲದೆ ಅವುಗಳನ್ನು ಈ ದೇಶದಲ್ಲಿ ಇಟ್ಟುಕೊಳ್ಳುವುದೇ ಅಪರಾಧ. 2008ರ ಮುಂಬೈ ದಾಳಿಯ ಬಳಿಕ ಕರಾವಳಿಯಲ್ಲಂತೂ ಈ ವಿಷಯದಲ್ಲಿ ಯಾರೂ ಸಡಿಲ ಬಿಡುವುದಿಲ್ಲ. ಬೆಟ್ಟ ಹತ್ತುವವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸಣ್ಣ ಉಪಗ್ರಹ ಸಂದೇಶ ಸಾಧನವನ್ನು ತಿಳಿಯದೆ ತಂದ ವಿದೇಶಿ ಪ್ರವಾಸಿಗಳು ಸಹ ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದಿದ್ದಾರೆ. ನಿಮ್ಮ ಬಂಧು ಒಳ್ಳೆಯ ಮನಸ್ಸಿನಿಂದ ತಂದು ಕಸ್ಟಮ್ಸಿನಲ್ಲಿ ನಿಲ್ಲುವಂತಾಗಬಾರದು.

ಇನ್ನು ಕುಂಬಳೆಯ ತಮ್ಮನ ಮಾತು ಅರ್ಧ ಸರಿ. ಮ್ಯಾಪಿನ ನೀಲಿ ಚುಕ್ಕೆ ಉಪಗ್ರಹದಿಂದಲೇ ಬರುವುದು ನಿಜ. ಆದರೆ ಅಲ್ಲಿ ಫೋನ್ ಕೇಳಿಸಿಕೊಳ್ಳುತ್ತದೆಯೇ ಹೊರತು ಮಾತಾಡುವುದಿಲ್ಲ. ದೇವಸ್ಥಾನದ ಧ್ವನಿವರ್ಧಕ ನಮ್ಮ ಮನೆಗೆ ಕೇಳುತ್ತದೆಂದು ನಾವು ಮನೆಯಿಂದ ಕೂಗಿದ್ದು ದೇವಸ್ಥಾನಕ್ಕೆ ಕೇಳಬೇಕಾಗಿಲ್ಲವಷ್ಟೆ. ಸಂದೇಶ ಕಳಿಸಬೇಕಾದರೆ ಫೋನ್ ತಾನೇ ಕೂಗಬೇಕು. ಅದಕ್ಕಿರುವ ಬಲ ಕಾಲು ವ್ಯಾಟಿಗಿಂತಲೂ ಕಡಿಮೆ, ತಲುಪಬೇಕಾದ ದೂರವೋ ಸಾವಿರಾರು ಕಿಲೋಮೀಟರ್. ಅದಕ್ಕೆ ಆ ತರಂಗಾಂತರದಲ್ಲಿ ಪ್ರಸಾರ ಮಾಡಬಲ್ಲ ರೇಡಿಯೋ ಭಾಗ ಮತ್ತು ಅದಕ್ಕೆ ಹೊಂದುವ ಚಿಪ್ ಫೋನಿನೊಳಗೆ ಇರಲೇಬೇಕು. ಇಲ್ಲದ ಯಂತ್ರಭಾಗವನ್ನು ಅಪ್‌ಡೇಟ್ ಹುಟ್ಟಿಸುವುದಿಲ್ಲ.

ಆ ಭಾಗ ಇದ್ದರೂ ಸಾಲದು. ಆ್ಯಪಲ್ 2022ರಲ್ಲಿ ಐಫೋನ್ 14ರೊಂದಿಗೆ ಅಮೆರಿಕ ಮತ್ತು ಕೆನಡಾದಲ್ಲಿ ಆರಂಭಿಸಿದ ಸೇವೆ ಗ್ಲೋಬಲ್‌ಸ್ಟಾರ್ ಉಪಗ್ರಹಗಳ ಮೇಲೆ ನಿಂತಿದೆ. ಆ ಉಪಗ್ರಹಗಳು ಕನ್ನಡಿಯಂತೆ: ಕೆಳಗಿನ ಫೋನ್ ಮತ್ತು ನೆಲದ ಮೇಲಿನ ಸ್ವೀಕಾರ ಕೇಂದ್ರ ಎರಡೂ ಒಂದೇ ಸಮಯದಲ್ಲಿ ಅವುಗಳ ಕಣ್ಣಿಗೆ ಬೀಳಬೇಕು. ಆ ಸೇವೆ ಭಾರತದಲ್ಲಿ ಇಲ್ಲ. ಗೂಗಲ್ 2024ರಲ್ಲಿ ಪಿಕ್ಸೆಲ್ 9ಕ್ಕೆ ಕೊಟ್ಟ ಉಪಗ್ರಹ ಎಸ್‌ಒಎಸ್ ಕೂಡ ಅಮೆರಿಕದಲ್ಲಿ ಆರಂಭವಾದದ್ದು. ಅದೇ ಫೋನನ್ನು ಇಲ್ಲಿ ಕೊಂಡವರಿಗೆ ಅದು ಸಿಗಲಿಲ್ಲ. ಬಿಎಸ್‌ಎನ್‌ಎಲ್ ಮತ್ತು ವಯಾಸ್ಯಾಟ್ ಸೇರಿ ಸಾಮಾನ್ಯ ಆಂಡ್ರಾಯ್ಡ್ ಫೋನಿನಿಂದ ಉಪಗ್ರಹಕ್ಕೆ ಎರಡೂ ಕಡೆಯ ಸಂದೇಶವನ್ನು 2024ರ ಅಕ್ಟೋಬರಿನಲ್ಲಿ ದಿಲ್ಲಿಯಲ್ಲಿ ಮಾಡಿ ತೋರಿಸಿದ್ದಾರೆ. ಆದ್ದರಿಂದ ತಂತ್ರ ಅಸಾಧ್ಯವೆಂದು ನಾನು ಹೇಳುವುದಿಲ್ಲ, ದುಬೈಯಿಂದ ಬರುವ ಪೆಟ್ಟಿಗೆಯಲ್ಲಿ ಅದು ಇರುವುದಿಲ್ಲ ಎನ್ನುತ್ತಿದ್ದೇನೆ.

ಪೆರ್ಲದ ಮೇಷ್ಟ್ರು
ಸೋಮವಾರ, ಬೆಳಗ್ಗೆ 6.50

ನಮ್ಮಲ್ಲಿಯೂ ನೆಟ್ ಬಹಳ ನಿಧಾನ. ಉಪಗ್ರಹದ ನೆಟ್ ಹಾಕಿಸಿದರೆ ಮಗನ ತರಗತಿಗೆ ವೀಡಿಯೊ ನೋಡಬಹುದೇ? ತಿಂಗಳಿಗೆ ಎಷ್ಟಾಗುತ್ತದೆ? ಇನ್ನೊಂದು ಮಾತು, ನಮ್ಮ ಟಿವಿಯ ಡಿಶ್ ಆಷಾಢದ ಮಳೆಗೆ ದಿನಕ್ಕೆ ನಾಲ್ಕು ಸಲ ನಿಂತುಹೋಗುತ್ತದೆ. ಜನ ಬೀಳುವುದು, ತೋಡು ತುಂಬುವುದು ಎಲ್ಲ ಮಳೆಯಲ್ಲೇ ಆಗಿರುವಾಗ, ಮಳೆಗೆ ನಿಲ್ಲುವ ಉಪಗ್ರಹವನ್ನು ನಂಬಿ ಪ್ರಯೋಜನವೇನು?

ಬದಿಯಡ್ಕದ ನಿವೃತ್ತ
ಸೋಮವಾರ, ಬೆಳಗ್ಗೆ 9.30

ಮೇಷ್ಟ್ರೇ, ನೀವು ಕೇಳುವ ನೆಟ್ ಬೇರೆಯೇ ವಸ್ತು, ಅದಕ್ಕೆ ಮನೆಯ ಮಾಡಿನ ಮೇಲೆ ತಟ್ಟೆ ಬೇಕು. ಇಲ್ಲಿ ಮಾತಾಡುತ್ತಿರುವುದು ಕೆಲವು ಅಕ್ಷರಗಳ ಸಂದೇಶದ ಬಗ್ಗೆ. ಆದರೆ ಮಳೆಯ ಪ್ರಶ್ನೆ ಬಹಳ ಒಳ್ಳೆಯದು. ಟಿವಿ ಡಿಶ್ ಹನ್ನೊಂದು ಹನ್ನೆರಡು ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ, ಆ ತರಂಗವನ್ನು ಮಳೆಹನಿ ನುಂಗುತ್ತದೆ. ಫೋನ್ ಸಂದೇಶದ ತರಂಗ ಸುಮಾರು 1.6 ಗಿಗಾಹರ್ಟ್ಸ್, ಅದಕ್ಕೆ ಬೀಳುತ್ತಿರುವ ಮಳೆ ಲೆಕ್ಕಕ್ಕೇ ಇಲ್ಲ. ಅದಕ್ಕೆ ಅಡ್ಡಿಯಾಗುವುದು ತಲೆಯ ಮೇಲಿನ ಎಲೆ, ಅದರಲ್ಲಿಯೂ ಮಳೆಗೆ ನೆನೆದ ಎಲೆ.

ಸವಿತಾ ಅವರ ತೋಟ ಕಣಿವೆಯಲ್ಲಿದೆ ಎಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಸುತ್ತಲಿನ ಗುಡ್ಡೆ ಅಡ್ಡ ಬರುತ್ತದೆ ಎಂದು. ಉತ್ತರದ ದೇಶಗಳಲ್ಲಿ ಅದು ನಿಜ, ಅಲ್ಲಿ ಭೂಸ್ಥಿರ ಉಪಗ್ರಹ, ಅಂದರೆ ಆಕಾಶದಲ್ಲಿ ಸದಾ ಒಂದೇ ಕಡೆ ನಿಂತಂತಿರುವ ಉಪಗ್ರಹ, ದಿಗಂತದ ಹತ್ತಿರ ಇರುತ್ತದೆ. ನಾವಿರುವುದು ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಲ್ಲಿ. 83 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತ ಭೂಸ್ಥಿರ ಉಪಗ್ರಹವೊಂದನ್ನು ಲೆಕ್ಕ ಹಾಕಿದರೆ ನಮಗೆ ಅದು ನೆಲದಿಂದ ಸುಮಾರು 72 ಡಿಗ್ರಿ ಎತ್ತರದಲ್ಲಿ, ಆಗ್ನೇಯಕ್ಕೆ ಸ್ವಲ್ಪ ವಾಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಬರುತ್ತದೆ. ಆದ್ದರಿಂದ ಅಂಥ ಸೇವೆ ಬಂದ ದಿನ ಗುಡ್ಡೆ ಅಡ್ಡಿಯಲ್ಲ, ಅಡಿಕೆ ಸೋಗೆಯೇ ಅಡ್ಡಿ. ಐಫೋನಿನ ಪದ್ಧತಿಯಲ್ಲಿ ಉಪಗ್ರಹಗಳು ಓಡುತ್ತಿರುವುದರಿಂದ ಗುಡ್ಡೆ, ಎಲೆ ಎರಡೂ ಕಾಡುತ್ತವೆ. ಬಯಲಿನಲ್ಲಿ ಸಂದೇಶ ಹೋಗಲು ಕಾಲು ನಿಮಿಷ ಸಾಕು, ತೆಳು ಎಲೆಯಡಿ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದೀತು, ದಟ್ಟ ಎಲೆಯಡಿ ಹೋಗದೆಯೂ ಇರಬಹುದು ಎಂದು ತಯಾರಕರೇ ಹೇಳುತ್ತಾರೆ.

ಹಣ ಖರ್ಚು ಮಾಡದೆ ಇದನ್ನು ನಿಮ್ಮ ತೋಟದಲ್ಲೇ ಅಳೆಯಬಹುದು. ಜಿಪಿಎಸ್‌ನ ತರಂಗವೂ 1.575 ಗಿಗಾಹರ್ಟ್ಸ್, ಅಂದರೆ ಸಂದೇಶದ ತರಂಗದ ನೆರೆಮನೆಯದ್ದು. ಎಲೆ ಒಂದಕ್ಕೆ ಮಾಡುವ ನಷ್ಟವನ್ನೇ ಇನ್ನೊಂದಕ್ಕೂ ಮಾಡುತ್ತದೆ. ಫೋನಿಗೆ `GPSTest` ಎಂಬ ಉಚಿತ ಆ್ಯಪ್ ಹಾಕಿಕೊಳ್ಳಿ. ಪಟ್ಟಿಯಲ್ಲಿ `Elev`, ಅಂದರೆ ನೆಲದಿಂದ ಎಷ್ಟು ಡಿಗ್ರಿ ಎತ್ತರ ಎಂಬುದು, ಅರವತ್ತಕ್ಕಿಂತ ಹೆಚ್ಚಿರುವ ಎರಡು ಉಪಗ್ರಹ ಆರಿಸಿ, ಸಿಗ್ನಲ್ ಎಷ್ಟು ಬಲವಾಗಿದೆ ಎಂದು ಡೆಸಿಬೆಲ್ ಲೆಕ್ಕದಲ್ಲಿ ಹೇಳುವ ಅವುಗಳ `C/N0` ಸಂಖ್ಯೆಯನ್ನು ಅಂಗಳದಲ್ಲಿ ಬರೆದುಕೊಳ್ಳಿ. ಉಪಗ್ರಹ ಸರಿದುಹೋಗುವ ಮೊದಲು, ಕಾಲು ಗಂಟೆಯೊಳಗೆ ತೋಟಕ್ಕೆ ಇಳಿದು, ಫೋನನ್ನು ಅಂಗೈಯಲ್ಲಿ ಹಾಗೆಯೇ ಮಲಗಿಸಿ ಹಿಡಿದು ಅವೇ ಎರಡರ ಸಂಖ್ಯೆ ಬರೆಯಿರಿ. ಹತ್ತು ಕಡಿಮೆಯಾದರೆ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತೆಂದು ಅರ್ಥ.

ಕಸಬಾ ಕಡಲ ತೀರ
ಸೋಮವಾರ, ಮಧ್ಯಾಹ್ನ 2.20

ನಾನು ನಾಡದೋಣಿಯವನು. ನಿವೃತ್ತರು ಹೇಳಿದ ಕೇಳುವುದು ಮತ್ತು ಕೂಗುವುದರ ಅಂತರ ನಮಗೆ ಪುಸ್ತಕದಿಂದ ಕಲಿಯಬೇಕಾಗಿ ಬರಲಿಲ್ಲ. ಎರಡು ವರ್ಷದ ಹಿಂದೆ ಆಗಸ್ಟ್ ತಿಂಗಳಲ್ಲಿ ನಾವು ಮೂವರು ಫೈಬರ್ ದೋಣಿಯಲ್ಲಿ ಹೋಗಿದ್ದಾಗ ಬೇಕಲದ ಪಡುವಣಕ್ಕೆ ಔಟ್‌ಬೋರ್ಡ್ ಎಂಜಿನಿನ ಶಾಫ್ಟ್ ತುಂಡಾಯಿತು. ತೀರದಿಂದ ಹತ್ತು ಹನ್ನೆರಡು ಕಿಲೋಮೀಟರ್ ದಾಟಿದ ಮೇಲೆ ಫೋನ್ ಸಿಗ್ನಲ್ ಸಿಗುವುದಿಲ್ಲ, ನಾವು ಅದರ ಎರಡು ಪಾಲು ಆಚೆಗಿದ್ದೆವು. ಮಳೆಗಾಲದಲ್ಲಿ ನಮ್ಮ ಕಡಲಿನ ನೀರು ತೆಂಕಕ್ಕೆ ಎಳೆಯುತ್ತದೆ. ರಾತ್ರಿಯಿಡೀ ಫೋನಿನ ಮ್ಯಾಪಿನಲ್ಲಿ ನಮ್ಮ ಚುಕ್ಕೆ ತೆಂಕಕ್ಕೆ ಜಾರುವುದನ್ನು ನಾವೇ ನೋಡುತ್ತಿದ್ದೆವು. ಎಲ್ಲಿದ್ದೇವೆಂದು ಅಂಗುಲ ಅಂಗುಲವಾಗಿ ಗೊತ್ತು, ಯಾರಿಗೂ ಹೇಳುವಂತಿಲ್ಲ. ಬೆಳಗಾಗುವಾಗ ಏಳಿಮಲೆಯ ಗುಡ್ಡೆ ಕಾಣುತ್ತಿತ್ತು. ಟ್ರಾಲಿಂಗ್ ನಿಷೇಧ ಮುಗಿದ ಸಮಯವಾದ್ದರಿಂದ ಒಂದು ದೊಡ್ಡ ಬೋಟ್ ಆ ದಾರಿಯಾಗಿ ಬಂದು, ಅದರ ವಯರ್‌ಲೆಸ್ಸಿನಲ್ಲಿ ಸುದ್ದಿ ಮುಟ್ಟಿಸಿ, ನಮ್ಮನ್ನು ಕಟ್ಟಿ ಎಳೆದು ತಂದಿತು.

ಹಾಗಾಗಿ ನನ್ನ ಪ್ರಶ್ನೆ ಇಷ್ಟೆ: ತೋಟಕ್ಕೆ ಬೇಡವಾದ ಈ ಫೋನ್ ನಮಗಾದರೂ ಆಗುತ್ತದೆಯೇ?

ಬದಿಯಡ್ಕದ ನಿವೃತ್ತ
ಸೋಮವಾರ, ರಾತ್ರಿ 7.45

ಅಣ್ಣಾ, ನಿಮಗೇ ಆಗುವುದು. ನಮ್ಮ ಜಿಲ್ಲೆಯ ನೆಲದಲ್ಲಿ ಒಂದು ವಿಚಿತ್ರವಿದೆ. ಗುಡ್ಡೆಯ ಮೇಲಿನ ಬೋಳು ಬಯಲಾದ ಪದವಿನ ಮೇಲೆ ಹೋದರೆ ಆಕಾಶ ಬಿಚ್ಚಿದೆ, ಆದರೆ ಅಲ್ಲಿ ಟವರಿನ ಸಿಗ್ನಲ್ಲೂ ಸಿಗುತ್ತದೆ. ಟವರ್ ಸಿಗದ ತಗ್ಗಿನಲ್ಲಿ ಅಡಿಕೆಯೋ ರಬ್ಬರೋ ಕಾಡೋ ಆಕಾಶವನ್ನು ಮುಚ್ಚಿರುತ್ತದೆ. ಆಕಾಶ ಪೂರ್ತಿ ಬಿಚ್ಚಿದ್ದು ಟವರ್ ಇಲ್ಲವೇ ಇಲ್ಲ ಎನ್ನುವ ಜಾಗ ನಮಗೆ ಕಡಲೊಂದೇ.

ಆದರೆ ಫೋನಿಗೆ ಕಾಯುವ ಮೊದಲು ನಿಮಗೆಂದೇ ಮಾಡಿದ ಡ್ಯಾಟ್ ಪೆಟ್ಟಿಗೆಯನ್ನು ಕೇಳಿ ನೋಡಿ. ಇಸ್ರೋ ರೂಪಿಸಿದ ಈ ಅಪಾಯ ಸೂಚಕ 2010ರಿಂದ ಬಳಕೆಯಲ್ಲಿದೆ. ಗುಂಡಿ ಒತ್ತಿದರೆ ದೋಣಿಯ ಗುರುತು ಮತ್ತು ಸ್ಥಳ ಉಪಗ್ರಹದ ಮೂಲಕ ಕೇಂದ್ರ ನಿಲ್ದಾಣಕ್ಕೆ, ಅಲ್ಲಿಂದ ಕೋಸ್ಟ್ ಗಾರ್ಡಿನ ರಕ್ಷಣಾ ಸಮನ್ವಯ ಕೇಂದ್ರಕ್ಕೆ ಹೋಗುತ್ತದೆ. ಮೊದಲ ಮಾದರಿಯಲ್ಲಿ ಗುಂಡಿ ಒತ್ತಿದವನಿಗೆ ಸುದ್ದಿ ತಲುಪಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಎರಡನೆಯ ಮಾದರಿಯಲ್ಲಿ ತಲುಪಿದೆ ಎಂಬ ಉತ್ತರ ಜಿಪಿಎಸ್‌ನಂತೆ ಸ್ಥಳ ತೋರಿಸುವ ನಮ್ಮ ದೇಶದ ನಾವಿಕ್ ಉಪಗ್ರಹದ ಮೂಲಕ ದೋಣಿಗೇ ಹಿಂದಿರುಗುತ್ತದೆ, ಬ್ಲೂಟೂತಿನಲ್ಲಿ ಫೋನಿಗೆ ಜೋಡಿಸಿಕೊಳ್ಳಬಹುದು. ಇದಲ್ಲದೆ ಮತ್ಸ್ಯ ಸಂಪದ ಯೋಜನೆಯಲ್ಲಿ 1 ಲಕ್ಷ ದೋಣಿಗಳಿಗೆ ಎರಡೂ ಕಡೆಯ ಸಂದೇಶದ ಟ್ರಾನ್ಸ್‌ಪಾಂಡರ್ ಅಳವಡಿಸುವ ಕಾರ್ಯಕ್ರಮವಿದೆ.

ಯಾವ ಸಾಧನವೇ ಆಗಲಿ, ಸಂದೇಶ ಒಮ್ಮೆ ಹೋದರೆ ಮುಗಿಯಿತೆಂದು ಕೂರಬಾರದು. ಗಂಟೆಗೆ ಎರಡು ಕಿಲೋಮೀಟರ್ ಎಳೆತವಿದ್ದರೂ ಆರು ಗಂಟೆಯ ಬಳಿಕ ನೀವು ಹೇಳಿದ ಜಾಗದಲ್ಲಿ ನೀವಿರುವುದಿಲ್ಲ. ಹುಡುಕಲು ಬರುವವರಿಗೆ ಹೊಸ ಸ್ಥಳ ಆಗಾಗ ಹೋಗುತ್ತಿರಬೇಕು. ಫೋನಿನಲ್ಲಿ ಬ್ಯಾಟರಿ ಉಳಿಸಿಕೊಂಡು ಇದನ್ನು ಮಾಡುವುದು ಕಷ್ಟ.

ಕುಂಬಳೆ ಮೊಬೈಲ್ ರಿಪೇರಿ
ಸೋಮವಾರ, ರಾತ್ರಿ 8.30

ಕೇಳುವುದು ಮತ್ತು ಕೂಗುವುದು ಬೇರೆ ಎಂಬುದನ್ನು ಒಪ್ಪಿದೆ. ಆದರೂ ಫೋನೇ ಮೇಲು ಎನ್ನುತ್ತೇನೆ. ಪೆಟ್ಟಿಗೆಯನ್ನು ಜನ ಮನೆಯಲ್ಲಿ ಬಿಟ್ಟು ಹೋಗುತ್ತಾರೆ, ಫೋನನ್ನು ಯಾರೂ ಬಿಡುವುದಿಲ್ಲ. ಎಲ್ಲ ಫೋನಿನಲ್ಲೂ ಇದು ಬಂದರೆ ದೋಣಿಯ ಮೂವರಲ್ಲಿ ಮೂವರ ಬಳಿಯೂ ಇರುತ್ತದೆ.

ಕಸಬಾ ಕಡಲ ತೀರ
ಸೋಮವಾರ, ರಾತ್ರಿ 9.00

ತಮ್ಮಾ, ಒಮ್ಮೆ ನಮ್ಮೊಂದಿಗೆ ದೋಣಿಗೆ ಬಾ. ಉಪ್ಪುನೀರಿನಲ್ಲಿ ನೆನೆದ ಬೆರಳಿಗೆ ಆ ಗಾಜಿನ ಪರದೆ ಒಂದಕ್ಷರವನ್ನೂ ಕೊಡುವುದಿಲ್ಲ. ನಾವು ಫೋನನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿಡುವವರು. ಅಲೆಗೆ ದೋಣಿ ಹೊಯ್ದಾಡುವಾಗ ಚೀಲ ಬಿಚ್ಚಿ, ಫೋನ್ ಕೇಳುವ ಪ್ರಶ್ನೆಗೆ ಉತ್ತರ ಆರಿಸಿ, ಉಪಗ್ರಹದ ಕಡೆಗೆ ಹಿಡಿದು ನಿಲ್ಲು ಎಂದರೆ ಯಾರಿಂದಾದೀತು? ಗಟ್ಟಿ ಗುಂಡಿ ಬೇಕು. ಆದರೆ ಮೂವರ ಬಳಿಯೂ ಇರುತ್ತದೆ ಎಂದದ್ದು ಸರಿ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಆಶಾ ಕಾರ್ಯಕರ್ತೆ, ಬಂದಡ್ಕ ದಾರಿ
ಮಂಗಳವಾರ, ಮಧ್ಯಾಹ್ನ 1.10

ಎಲ್ಲರೂ ಸಂದೇಶ ಹೋಗುವ ಬಗ್ಗೆ ಹೇಳಿದಿರಿ. ಅದನ್ನು ಓದುವವರು ಯಾರು, ಯಾವ ಭಾಷೆಯಲ್ಲಿ ಓದುತ್ತಾರೆ? ನಮ್ಮ ಗಡಿಯಲ್ಲಿ ಫೋನ್ ಎಷ್ಟೋ ಸಲ ಆಚೆ ರಾಜ್ಯದ ಟವರ್ ಹಿಡಿಯುತ್ತದೆ, 112 ಒತ್ತಿದರೆ ಕರೆ ಆ ಟವರ್ ಇರುವ ರಾಜ್ಯದ ಕಡೆಗೇ ಹೋಗುತ್ತದೆ. ಹಾವು ಕಚ್ಚಿದವರ ಮನೆಯವರು ಊರಿನ ಹೆಸರು ಬಿಡಿಸಿ ಹೇಳುತ್ತಾ ಐದು ನಿಮಿಷ ಕಳೆದದ್ದನ್ನು ನಾನೇ ಕಂಡಿದ್ದೇನೆ. ಸ್ಥಳದ ಅಂಕಿ ಸಂದೇಶದೊಂದಿಗೇ ಹೋಗುವುದಾದರೆ ಆ ಒಂದು ತೊಂದರೆ ತಪ್ಪೀತು.

ಇನ್ನೊಂದು ಮಾತಿದೆ. ಮರದಿಂದ ಬಿದ್ದು ಸೊಂಟ ಮುರಿದವನು ಫೋನನ್ನು ಆಕಾಶಕ್ಕೆ ಹಿಡಿಯಲಾರ, ಎಲೆಯಿಲ್ಲದ ಜಾಗಕ್ಕೆ ನಡೆಯಲಾರ. ಜೊತೆಯಲ್ಲಿ ಇನ್ನೊಬ್ಬ ಇದ್ದರೆ ಮಾತ್ರ ಉಪಯೋಗ. ಇನ್ನೊಬ್ಬ ಇದ್ದರೆ ಅವನು ಗುಡ್ಡೆ ಹತ್ತಿ ಟವರ್ ಸಿಗುವಲ್ಲಿಗೆ ಓಡಬಹುದಲ್ಲವೇ? ಹಾಗೆ ನೋಡಿದರೆ ನಿವೃತ್ತರ ಲೆಕ್ಕ ಸರಿ. ಆದರೆ 2024ರ ಜುಲೈಯಲ್ಲಿ ವಯನಾಡಿನ ಚೂರಲ್‌ಮಲೆಯಲ್ಲಿ ಆದಂತೆ ಗುಡ್ಡೆಯೇ ಕುಸಿದರೆ ಕರೆಂಟೂ ಕೇಬಲೂ ಟವರೂ ಒಟ್ಟಿಗೆ ಹೋಗುತ್ತವೆ. ಆ ದಿನ ಪದವಿನಲ್ಲೂ ಅಂಗಳದಲ್ಲೂ ಆಕಾಶ ಮಾತ್ರ ಉಳಿದಿರುತ್ತದೆ. ಅದನ್ನು ನಿಮ್ಮ ಲೆಕ್ಕದಲ್ಲಿ ಸೇರಿಸಿಲ್ಲ.

ಬದಿಯಡ್ಕದ ನಿವೃತ್ತ
ಮಂಗಳವಾರ, ರಾತ್ರಿ 8.15

ತಂಗೀ, ಸೇರಿಸಿರಲಿಲ್ಲ, ಸೇರಿಸಬೇಕಾಗಿತ್ತು. ಆದರೆ ಅಂಥ ದಿನ ಸಾವಿರ ಫೋನ್‌ಗಳು ಒಂದೇ ಉಪಗ್ರಹ ಕಿರಣದೊಳಗೆ ಒಟ್ಟಿಗೆ ಕೂಗಿದರೆ ಸರತಿ ಎಷ್ಟು ಉದ್ದವಾದೀತು ಎಂಬ ಚಿಂತೆ ನನಗಿದೆ. ಪ್ರತಿ ವಾರ್ಡಿನಲ್ಲಿ ಒಬ್ಬರ ಬಳಿ, ನಿಮ್ಮಂಥವರ ಬಳಿ, ಇದ್ದರೆ ಸಾಕಾದೀತು.

ತೋಟದಮೂಲೆ ಸವಿತಾ
ಗುರುವಾರ, ರಾತ್ರಿ 8.55

ಎರಡು ದಿನ ಅಳೆದು ನೋಡಿದೆ. ಎರಡು ಉಪಗ್ರಹಗಳ ಸರಾಸರಿ ಅಂಗಳದಲ್ಲಿ 42, ತೋಟದ ನಡುವೆ 33 ಬಂತು. ಇವತ್ತು ಮಳೆ ಬಿಟ್ಟ ಅರ್ಧ ಗಂಟೆಯ ಬಳಿಕ ಅಂಗಳದಲ್ಲಿ ಮತ್ತೆ 42, ಅದೇ ಮರಗಳಡಿ 28. ಕೆರೆಯ ಕಟ್ಟೆಯ ಮೇಲೆ ಆಕಾಶ ಸ್ವಲ್ಪ ಬಿಚ್ಚಿದೆ, ಅಲ್ಲಿ ಮಳೆಯ ಬಳಿಕವೂ 40 ಇತ್ತು. ಹೊಳೆಯಿತೆಂದು ಸುರಂಗದ ಬಾಯಿಯೊಳಗೂ ನಾಲ್ಕು ಹೆಜ್ಜೆ ಹೋಗಿ ನೋಡಿದೆ, ಪಟ್ಟಿಯೇ ಖಾಲಿಯಾಯಿತು. ತೋಟದಲ್ಲಿ ಮ್ಯಾಪಿನ ಚುಕ್ಕೆ ಮಾತ್ರ ಎಲ್ಲಿಯೂ ತಪ್ಪಲಿಲ್ಲ. ಹಾಗಿದ್ದರೆ 28 ಸಾಲದೇ?

ಬದಿಯಡ್ಕದ ನಿವೃತ್ತ
ಗುರುವಾರ, ರಾತ್ರಿ 10.20

ಅಂಗಳದಲ್ಲಿ ಎರಡು ದಿನವೂ 42 ಬಂದದ್ದರಿಂದ ಬದಲಾದದ್ದು ಎಲೆಯೇ, ಬೇರೇನೂ ಅಲ್ಲ ಎಂದು ಖಚಿತವಾಯಿತು. ಒಣ ಸೋಗೆಯಡಿ ಒಂಬತ್ತು ಕಳೆಯಿತು, ಅಂದರೆ ಎಂಟರಲ್ಲಿ ಒಂದು ಪಾಲು ಉಳಿಯಿತು. ನೆನೆದ ಸೋಗೆಯಡಿ ಹದಿನಾಲ್ಕು ಕಳೆದು ಇಪ್ಪತ್ತೈದರಲ್ಲಿ ಒಂದು ಪಾಲು. ಜಿಪಿಎಸ್ ಇಷ್ಟು ಕ್ಷೀಣವಾದದ್ದನ್ನೂ ಹಿಡಿಯುತ್ತದೆ, ಏಕೆಂದರೆ ಅದು ಮೊದಲೇ ತಿಳಿದ ಒಂದೇ ಸಂಕೇತವನ್ನು ಮತ್ತೆ ಮತ್ತೆ ಕೇಳಿ ಗುರುತಿಸುವ ಕೆಲಸ. ಹೊಸ ಸಂದೇಶ ಕಳಿಸುವಾಗ ಆ ಅನುಕೂಲವಿಲ್ಲ. ಬಯಲಿನಲ್ಲೇ ಫೋನ್ ಉಪಗ್ರಹಕ್ಕೆ ಮುಟ್ಟುವುದು ಕೂದಲೆಳೆಯಷ್ಟು ಅಂತರದಲ್ಲಿ. ಒಂಬತ್ತು ಕಳೆದುಕೊಳ್ಳುವ ಶಕ್ತಿ ಅದಕ್ಕಿರುವುದು ಅನುಮಾನ, ಹದಿನಾಲ್ಕಂತೂ ಇಲ್ಲ. ಸೇವೆ ಬಂದ ದಿನ ಕೆರೆಕಟ್ಟೆಯಲ್ಲಿ ನಡೆಯುತ್ತದೆ, ಸಂಕದ ಬಳಿ ನಡೆಯುವುದಿಲ್ಲ ಎಂದೇ ತಿಳಿಯಿರಿ.

ಅದಿರಲಿ, ಒಂದು ಕಿಲೋಮೀಟರ್ ದೂರದ ಮನೆಗೆ ಸುದ್ದಿ ಮುಟ್ಟಿಸಲು ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ ಹೋಗಿ ಬರಬೇಕೇ? ಪಂಪ್‌ಶೆಡ್ಡಿಗೆ ಕರೆಂಟ್ ಇದ್ದರೆ ಮನೆಯ ಫೈಬರಿನಿಂದ ಹೊರಾಂಗಣ ವೈಫೈ ಜೋಡಿಯೊಂದನ್ನು ಎದುರುಬದುರು ನಿಲ್ಲಿಸಿ; ಅಪ್ಪನ ಫೋನಿನಲ್ಲಿ ವೈಫೈ ಕರೆ ತೆರೆದರೆ ಶೆಡ್ಡಿನ ಸುತ್ತ ಮಾತಾಡಬಹುದು. ಅದು ಮುಟ್ಟದ ಸಂಕದ ಕಡೆಗೆ, ಪರವಾನಗಿ ಬೇಡದ 865 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುವ, ಕಡಿಮೆ ಶಕ್ತಿಯಲ್ಲೇ ಸಣ್ಣ ಸಂದೇಶವನ್ನು ದೂರಕ್ಕೆ ಕಳಿಸುವ ಲೋರಾ ಎಂಬ ರೇಡಿಯೋದ ಗುಂಡಿಯೊಂದನ್ನು ಕೊರಳಿಗೆ ಹಾಕಿಸಿ, ಮನೆಯ ಮಾಡಿನ ಮೇಲೆ ಅದರ ಸ್ವೀಕಾರಕ ಇಡಿ. ಆ ತರಂಗವನ್ನೂ ಎಲೆ ತಿನ್ನುತ್ತದೆ, ಆದರೆ ಒಂದು ಕಿಲೋಮೀಟರಿಗೆ ಶಕ್ತಿ ಬೇಕಾದಷ್ಟು ಉಳಿಯುತ್ತದೆ. ಕೊಳ್ಳುವ ಮೊದಲು ಮಳೆ ಬಿಟ್ಟ ಕೂಡಲೇ ಪರೀಕ್ಷಿಸಿ ನೋಡಿ.

ಕಾರಡ್ಕ ರಾತ್ರಿ ಪಾಳಿ
ಶುಕ್ರವಾರ, ಬೆಳಗ್ಗೆ 5.30

ಆನೆ ಓಡಿಸುವ ತಂಡದಲ್ಲಿದ್ದೇನೆ, ಈಗಷ್ಟೇ ಮನೆಗೆ ಬಂದೆ. ನಾವು ಆರು ಜನ ರಾತ್ರಿ ಕಾಡಂಚಿನಲ್ಲಿ ಚದುರಿರುತ್ತೇವೆ. ಒಬ್ಬನಿಗೆ ಅಪಾಯವಾದರೆ ತಿಳಿಯಬೇಕಾದದ್ದು ಉಳಿದ ಐವರಿಗೆ, ಅದೂ ಆ ಕ್ಷಣದಲ್ಲಿ. ಉಪಗ್ರಹದಲ್ಲಿ ಒಂದು ನಿಮಿಷ ಹಿಡಿಯುತ್ತದೆಂದರೆ ಅಷ್ಟರಲ್ಲಿ ಆನೆ ಎಲ್ಲಿರುತ್ತದೆಂದು ನೀವೇ ಯೋಚಿಸಿ. ನಮಗೆ ವಾಕಿಟಾಕಿ ಸಾಕು. ಆದರೆ ಗಾಯಾಳುವನ್ನು ಹೊತ್ತು ಪದವಿಗೆ ಬಂದ ಮೇಲೆ ಟವರ್ ಸತ್ತಿದ್ದರೆ ಏನು ಮಾಡುವುದು ಎಂಬುದು ಉಳಿಯುತ್ತದೆ. ಅಂಥ ರಾತ್ರಿ ನಮಗೆ ಒಮ್ಮೆ ಬಂದಿತ್ತು.

ತೋಟದಮೂಲೆ ಸವಿತಾ
ಶುಕ್ರವಾರ, ರಾತ್ರಿ 9.10

ಅತ್ತೆಯ ಮಗನಿಗೆ ಏನೂ ತರಬೇಡವೆಂದು ತಿಳಿಸಿದ್ದೇನೆ. ವೈಫೈ ಜೋಡಿ ಮುಂದಿನ ವಾರ ಬರುತ್ತದೆ. ಕೊರಳಿಗೆ ಗುಂಡಿ ಕಟ್ಟಲು ತಾನೇನು ದನವೇ ಎಂದು ಅಪ್ಪ ಕೇಳುತ್ತಿದ್ದಾರೆ. ಕತ್ತಿ ಸಿಕ್ಕಿಸುವ ಸೊಂಟದ ಕೊಕ್ಕೆಗೆ ಅದನ್ನು ಕಟ್ಟಿದರೆ ಸಿಗ್ನಲ್ ಕಡಿಮೆಯಾಗುತ್ತದೆಯೇ, ನಿವೃತ್ತರೇ?

ಬದಿಯಡ್ಕದ ನಿವೃತ್ತ
ಶುಕ್ರವಾರ, ರಾತ್ರಿ 9.40

ಕತ್ತಿಯ ಅಲಗಿಗೆ ತಾಗದಂತೆ, ಸೊಂಟದ ಇನ್ನೊಂದು ಬದಿಗೆ ಕಟ್ಟಿಸಿ. ಕಬ್ಬಿಣದ ಪಕ್ಕದಲ್ಲಿದ್ದರೆ ಆಂಟೆನಾ ಕೆಡುತ್ತದೆ.